ಹಳೆಯ ಫ್ರಿಜ್ ರಿಪೇರಿಯೋ, ಹೊಸದೋ: ಲೆಕ್ಕ ಹಾಕುವ ಮುನ್ನ

ಓದುಗರ ಪತ್ರ

ಮಾನ್ಯ ಸಂಪಾದಕರೆ, ನಮ್ಮ ಮನೆಯ 260 ಲೀಟರ್‌ನ, ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್‌ಗೆ 13 ವರ್ಷ ತುಂಬಿದೆ. ಮೇಲಿನ ಫ್ರೀಜರ್‌ನಲ್ಲಿ ನೀರು ಗಡ್ಡೆ ಕಟ್ಟುತ್ತದೆ, ಆದರೆ ಕೆಳಗೆ ಇಟ್ಟ ಹಾಲು ಎರಡನೇ ದಿನಕ್ಕೇ ಕೆಡುತ್ತಿದೆ. ಕಂಪ್ರೆಸರ್ ನಿಲ್ಲುವುದೇ ಇಲ್ಲ. ಪ್ಲಗ್‌ಗೆ ಮೀಟರ್ ಸಿಕ್ಕಿಸಿ ನೋಡಿದರೆ ದಿನಕ್ಕೆ 2.7 ಯೂನಿಟ್ ತೋರಿಸುತ್ತಿದೆ. ಬಂದು ನೋಡಿದ ಮೆಕ್ಯಾನಿಕ್, ‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸಿ, ಇಲ್ಲವಾದರೆ ಹೊಸದು ತೆಗೆದುಕೊಳ್ಳಿ’ ಎಂದರು. ಅಷ್ಟೇ ಗಾತ್ರದ ಹೊಸ ಫ್ರಿಜ್‌ನ ಲೇಬಲ್ ಮೇಲೆ ವರ್ಷಕ್ಕೆ 290 ಯೂನಿಟ್ ಎಂದಿದೆ. ಉಳಿಯುವ ಕರೆಂಟಿನಲ್ಲೇ ಹೊಸದರ ಬೆಲೆ ಹುಟ್ಟುತ್ತದೆಯೇ? ಏನು ಮಾಡಲಿ?

ಸಂಪಾದಕರ ಉತ್ತರ

ಮಾನ್ಯ ಓದುಗರೆ,

ಮೀಟರ್ ಹಾಕಿ ಅಳೆದ ಮೇಲೆಯೇ ಪತ್ರ ಬರೆದಿರುವುದರಿಂದ ನಿಮಗೆ ಖಚಿತವಾಗಿ ಉತ್ತರಿಸುವುದು ಸಾಧ್ಯವಾಗಿದೆ. ಆದರೆ ಆ 2.7 ಯೂನಿಟ್ಟನ್ನು ನೇರವಾಗಿ ಹೊಸ ಫ್ರಿಜ್‌ನ ಲೇಬಲ್ ಜೊತೆ ಹೋಲಿಸಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಅದು ನಿಮ್ಮ ಫ್ರಿಜ್‌ನ ಸಹಜ ಬಳಕೆಯಲ್ಲ, ಕೆಟ್ಟಿರುವ ಫ್ರಿಜ್‌ನ ಬಳಕೆ. ಈ ಗಾತ್ರದ ಹಳೆಯ ಕಂಪ್ರೆಸರ್ ಓಡುವಾಗ ಸುಮಾರು 110ರಿಂದ 120 ವಾಟ್ ಎಳೆಯುತ್ತದೆ. ಬಿಡುವಿಲ್ಲದೆ 24 ಗಂಟೆ ಓಡಿದರೆ 2.7 ಯೂನಿಟ್ ಆಗಿಯೇ ಆಗುತ್ತದೆ. ಅದೇ ಕಂಪ್ರೆಸರ್ ಆರೋಗ್ಯವಾಗಿದ್ದಾಗ ದಿನದ ಸುಮಾರು ಅರ್ಧ ಹೊತ್ತು ಮಾತ್ರ ಓಡುತ್ತದೆ, ಮಂಜು ಕರಗಿಸುವ ಹೀಟರ್‌ನ ಪಾಲು ಸೇರಿಸಿದರೂ ಬಳಕೆ 1.5 ಯೂನಿಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಹೊಸದನ್ನು ಹೋಲಿಸಬೇಕಾದದ್ದು ಈಗಿನ ಫ್ರಿಜ್‌ಗಲ್ಲ, ರಿಪೇರಿಯಾದ ಫ್ರಿಜ್‌ಗೆ. ಹಾಗೆ ಹೋಲಿಸಬೇಕಾದರೆ ಕೆಟ್ಟಿರುವುದು ಯಾವುದು, ಅದು ಸರಿಹೋಗುವಂಥದ್ದೇ ಎಂಬುದು ಮೊದಲು ತಿಳಿಯಬೇಕು.

ನಿಮ್ಮ ಮೆಕ್ಯಾನಿಕ್ ಹೇಳಿದ ಕಾರಣವನ್ನು ನಾನು ತಳ್ಳಿಹಾಕುತ್ತಿಲ್ಲ, ಆದರೆ ನೀವು ಬರೆದ ಲಕ್ಷಣಗಳು ಇನ್ನೊಂದು ದೋಷಕ್ಕೆ ಹೆಚ್ಚು ಹೊಂದುತ್ತವೆ. ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರ್‌ನ ಹಿಂಗೋಡೆಯ ಪ್ಲಾಸ್ಟಿಕ್ ಹಲಗೆಯ ಹಿಂದಿರುವ ಕಾಯಿಲ್‌ನಲ್ಲಿ. ಅಲ್ಲಿರುವ ಸಣ್ಣ ಫ್ಯಾನ್ ಆ ಕಾಯಿಲ್‌ನ ನಡುವೆ ಗಾಳಿಯನ್ನು ಹಾಯಿಸಿ, ಅದರ ಹೆಚ್ಚಿನ ಪಾಲನ್ನು ಫ್ರೀಜರ್‌ಗೂ ಉಳಿದದ್ದನ್ನು ಒಂದು ಕಿಂಡಿಯ ಮೂಲಕ ಕೆಳಗಿನ ಭಾಗಕ್ಕೂ ಕಳುಹಿಸುತ್ತದೆ. ಗಾಳಿಯ ತೇವ ಕಾಯಿಲ್ ಮೇಲೆ ಮಂಜಾಗಿ ಕೂರುವುದು ಸಹಜವಾದ್ದರಿಂದ, ಕಂಪ್ರೆಸರ್ ಸಾಮಾನ್ಯವಾಗಿ 8ರಿಂದ 12 ಗಂಟೆ ಓಡಿದ ಮೇಲೆ ಒಂದು ಹೀಟರ್ ಸ್ವಲ್ಪ ಹೊತ್ತು ಉರಿದು ಆ ಮಂಜನ್ನು ಕರಗಿಸುತ್ತದೆ. ಹೀಟರ್ ಸುಟ್ಟುಹೋದರೆ, ಅದರ ಜೊತೆಗಿರುವ ಥರ್ಮೋಸ್ಟಾಟ್ ಅಥವಾ ಫ್ಯೂಸ್ ಹೋದರೆ, ಇಲ್ಲವೇ ಟೈಮರ್ ಒಂದೇ ಕಡೆ ನಿಂತುಬಿಟ್ಟರೆ, ಮಂಜು ಕರಗದೆ ದಿನದಿಂದ ದಿನಕ್ಕೆ ದಪ್ಪವಾಗುತ್ತದೆ, ಕೊನೆಗೆ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಕಾಯಿಲ್‌ಗೆ ಹತ್ತಿರವಿರುವ ಫ್ರೀಜರ್ ಆಗಲೂ ಕೆಲಕಾಲ ತಣ್ಣಗೇ ಇರುತ್ತದೆ, ಗಾಳಿಯನ್ನೇ ನಂಬಿರುವ ಕೆಳಭಾಗ ಬೆಚ್ಚಗಾಗುತ್ತದೆ, ಸಾಕಷ್ಟು ತಂಪು ಸಿಗದ ಕಾರಣ ಕಂಪ್ರೆಸರ್ ನಿಲ್ಲದೆ ಓಡುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ ಇರಬಹುದು.

ಗ್ಯಾಸ್ ಕಡಿಮೆಯಾದಾಗಲೂ ಕೆಳಭಾಗ ಬೆಚ್ಚಗಾಗುತ್ತದೆ, ಕಂಪ್ರೆಸರ್ ಬಿಡದೆ ಓಡುತ್ತದೆ. ಎರಡನ್ನೂ ಬೇರ್ಪಡಿಸಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ಎರಡೂ ಬಾಗಿಲುಗಳನ್ನು ತೆರೆದಿಟ್ಟು 24 ಗಂಟೆ ಬಿಡಿ. ನೀರು ಹರಿಯುವುದರಿಂದ ಕೆಳಗೆ ಬಟ್ಟೆ ಹಾಸಿರಿ. ಬೇಗ ಮುಗಿಯಲೆಂದು ಚಾಕುವಿನಿಂದ ಮಂಜು ಕೆರೆಯಲು ಹೋಗಬೇಡಿ, ಹಿಂದಿರುವ ಅಲ್ಯೂಮಿನಿಯಂ ಕೊಳವೆ ತೂತಾದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಆಮೇಲೆ ಫ್ರಿಜ್ ಆನ್ ಮಾಡಿ, ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಕೆಳಭಾಗದ ನಡುವಿನ ತಟ್ಟೆಯಲ್ಲಿಡಿ. ಗಾಳಿಯ ಉಷ್ಣಾಂಶ ಬಾಗಿಲು ತೆರೆದ ಕೂಡಲೇ ಬದಲಾಗುವುದರಿಂದ ನೀರಿನಲ್ಲಿ ಅಳೆಯುವುದೇ ನಂಬಲರ್ಹ. ಒಂದು ದಿನದ ನಂತರ ಅದು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿ, ಕಂಪ್ರೆಸರ್ ನಡುನಡುವೆ ನಿಲ್ಲಲಾರಂಭಿಸಿ, ಕೆಲವು ದಿನಗಳಲ್ಲಿ ಅಥವಾ ವಾರದೊಳಗೆ ಮತ್ತೆ ಹಳೆಯ ಸ್ಥಿತಿಗೆ ಬಂದರೆ, ದೋಷ ಮಂಜು ಕರಗಿಸುವ ಭಾಗದಲ್ಲಿದೆ, ಗ್ಯಾಸ್ ಸರಿಯಾಗಿದೆ ಎಂದು ತಿಳಿಯಬಹುದು. ಮಂಜೆಲ್ಲ ಕರಗಿದ ಮೇಲೂ ಕೆಳಭಾಗ ತಣ್ಣಗಾಗದೆ, ಫ್ರೀಜರ್ ಕೂಡ ಇರಬೇಕಾದ ಮೈನಸ್ 18 ಡಿಗ್ರಿಯ ಹತ್ತಿರ ಬಾರದಿದ್ದರೆ, ಗ್ಯಾಸ್ ಸೋರಿಕೆಯ ಅಥವಾ ಕಂಪ್ರೆಸರ್ ಸವೆದಿರುವ ಅನುಮಾನ ಬಲವಾಗುತ್ತದೆ. ಹಿಂಗೋಡೆಯ ಹಲಗೆ ತೆಗೆಸಿ ನೋಡಿದರೆ ಇನ್ನೂ ಸ್ಪಷ್ಟ: ಮಂಜು ಕರಗಿಸುವ ಭಾಗ ಕೆಟ್ಟಿದ್ದರೆ ಕಾಯಿಲ್ ಪೂರ್ತಿ ಬಿಳಿಯಾಗಿ ಮುಚ್ಚಿಹೋಗಿರುತ್ತದೆ, ಗ್ಯಾಸ್ ಕಡಿಮೆಯಿದ್ದರೆ ಕಾಯಿಲ್‌ನ ಆರಂಭದ ಕೆಲವು ಸುತ್ತುಗಳ ಮೇಲೆ ಮಾತ್ರ ಮಂಜಿದ್ದು ಉಳಿದದ್ದು ಬರಿದಾಗಿರುತ್ತದೆ. ಕೆಳಭಾಗ ಬೆಚ್ಚಗಿದ್ದು ಕಾಯಿಲ್ ಮೇಲೆ ಮಂಜು ತೆಳುವಾಗಿ ಸಮನಾಗಿ ಹರಡಿದ್ದರೆ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಿಸಿ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ಹೊರಗಿನ ತೇವ ಒಳಬಂದು ಮಂಜು ಹೆಚ್ಚುತ್ತದೆ. ಕಾಗದದ ಚೂರೊಂದನ್ನು ಬಾಗಿಲಿನ ನಡುವೆ ಸಿಕ್ಕಿಸಿ ಎಳೆದಾಗ ಎಲ್ಲ ಕಡೆಯೂ ಅದು ಬಿಗಿಯಾಗಿ ಬರಬೇಕು.

ಗ್ಯಾಸ್ ತುಂಬಿಸುವ ಮಾತು ಬಂದದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಫ್ರಿಜ್‌ನ ಗ್ಯಾಸ್ ಬಳಸಿದಂತೆ ಖರ್ಚಾಗುವ ವಸ್ತುವಲ್ಲ; ಬೆಸೆದು ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ಫ್ರಿಜ್‌ನ ಆಯುಷ್ಯವಿಡೀ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಸೋರುವ ಜಾಗವನ್ನು ಮುಚ್ಚದೆ ತುಂಬಿಸಿದ ಗ್ಯಾಸ್ ಮತ್ತೆ ಹೊರಹೋಗುತ್ತದೆ. ಸರಿಯಾದ ಕ್ರಮವೆಂದರೆ ಸೋರಿಕೆ ಹುಡುಕಿ ಬೆಸೆಯುವುದು, ಫಿಲ್ಟರ್ ಬದಲಿಸುವುದು, ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಹೊರತೆಗೆಯುವುದು, ನಂತರ ತಯಾರಕರು ಫಲಕದಲ್ಲಿ ನಮೂದಿಸಿರುವಷ್ಟೇ ಗ್ಯಾಸನ್ನು ತೂಗಿ ತುಂಬುವುದು. ಈ ಹಂತಗಳಲ್ಲಿ ಯಾವುದನ್ನು ಮಾಡುತ್ತೀರಿ ಎಂದು ಮೆಕ್ಯಾನಿಕ್‌ರನ್ನು ಮುಂಚೆಯೇ ಕೇಳಿ. ಸೋರಿಕೆಯು ಗೋಡೆಯ ಫೋಮ್‌ನೊಳಗೆ ಹುದುಗಿದ ಕೊಳವೆಯಲ್ಲಿದ್ದರೆ ಅದನ್ನು ಮುಟ್ಟಲಾಗುವುದಿಲ್ಲವಾದ್ದರಿಂದ, 13 ವರ್ಷದ ಫ್ರಿಜ್‌ನ ಮಟ್ಟಿಗೆ ಅಲ್ಲಿಗೇ ನಿಲ್ಲಿಸುವುದು ಲೇಸು.

ಈಗ ಲೆಕ್ಕಕ್ಕೆ ಬರೋಣ. ಹಣದ ಬದಲು ಎಲ್ಲವನ್ನೂ ಯೂನಿಟ್‌ಗೆ ತಿರುಗಿಸಿಕೊಂಡರೆ ಲೆಕ್ಕ ಹಗುರವಾಗುತ್ತದೆ, ಅಂದರೆ ಯಾವುದೇ ಖರ್ಚನ್ನು ನಿಮ್ಮ ಬಿಲ್ಲಿನಲ್ಲಿ ಒಂದು ಯೂನಿಟ್‌ಗೆ ನೀವು ಕೊಡುವ ದರದಿಂದ ಭಾಗಿಸಬೇಕು. ಬಳಕೆ ಹೆಚ್ಚಾದಂತೆ ದರ ಏರುವ ಕ್ರಮವಿದ್ದರೆ ನಿಮ್ಮ ಬಿಲ್ಲಿನ ಕೊನೆಯ ಹಂತದ ದರವನ್ನು ಹಿಡಿಯಿರಿ, ಏಕೆಂದರೆ ಫ್ರಿಜ್‌ನಿಂದ ಉಳಿಯುವ ಯೂನಿಟ್‌ಗಳು ಮೊದಲು ಕಳೆಯುವುದು ಅಲ್ಲಿಂದಲೇ. ಉದಾಹರಣೆಗೆ ಹೊಸ ಫ್ರಿಜ್‌ನ ಬೆಲೆ 5,000 ಯೂನಿಟ್‌ಗೆ, ಹೀಟರ್ ಮತ್ತು ಥರ್ಮೋಸ್ಟಾಟ್ ಬದಲಿಸುವ ಖರ್ಚು 300 ಯೂನಿಟ್‌ಗೆ ಸಮವೆಂದುಕೊಳ್ಳೋಣ. ಲೇಬಲ್‌ನ 290 ಯೂನಿಟ್ ಎಂದರೆ ದಿನಕ್ಕೆ ಸುಮಾರು 0.8.

ಕೆಟ್ಟಿರುವ ಫ್ರಿಜ್ ಜೊತೆ ಹೋಲಿಸಿದರೆ ಹೊಸದು ದಿನಕ್ಕೆ 1.9, ವರ್ಷಕ್ಕೆ ಸುಮಾರು 690 ಯೂನಿಟ್ ಉಳಿಸುತ್ತದೆ, ಏಳು ವರ್ಷದಲ್ಲಿ ಬೆಲೆ ಹುಟ್ಟಿತು ಎನಿಸುತ್ತದೆ. ರಿಪೇರಿಯಾಗಿ 1.5ಕ್ಕೆ ಇಳಿದ ಫ್ರಿಜ್ ಜೊತೆ ಹೋಲಿಸಿದರೆ ಉಳಿತಾಯ ದಿನಕ್ಕೆ 0.7, ವರ್ಷಕ್ಕೆ ಸುಮಾರು 256 ಯೂನಿಟ್ ಮಾತ್ರ. ಬೆಲೆ ಹುಟ್ಟಲು ಹತ್ತೊಂಬತ್ತು ವರ್ಷಕ್ಕೂ ಹೆಚ್ಚು ಬೇಕು, ಅಷ್ಟರಲ್ಲಿ ಹೊಸದೂ ಹಳೆಯದಾಗಿರುತ್ತದೆ. ಅತ್ತ 300 ಯೂನಿಟ್‌ನ ರಿಪೇರಿ ದಿನಕ್ಕೆ 1.2 ಯೂನಿಟ್ ಉಳಿಸಿ ಎಂಟೊಂಬತ್ತು ತಿಂಗಳಲ್ಲಿ ತನ್ನ ಖರ್ಚನ್ನು ತಾನೇ ತೀರಿಸುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಉಳಿಯುವ ಕರೆಂಟೊಂದರಿಂದಲೇ ಹೊಸದರ ಬೆಲೆ ಹುಟ್ಟುವುದಿಲ್ಲ.

ಹಾಗಾದರೆ ಯಾವಾಗಲೂ ರಿಪೇರಿಯೇ ಸರಿಯೇ ಎಂದರೆ ಅದೂ ಅಲ್ಲ, ಹಳೆಯ ಫ್ರಿಜ್‌ಗೆ ಉಳಿದಿರುವ ಆಯುಷ್ಯ ಕಡಿಮೆ. ರಿಪೇರಿಯ ನಂತರ ಅದು ಇನ್ನು ಮೂರು ವರ್ಷ, ಹೊಸದು 12 ವರ್ಷ ನಡೆಯುತ್ತದೆಂದು ಎಣಿಸೋಣ. ಹೊಸದರ ವಾರ್ಷಿಕ ಹೊರೆ 5,000ವನ್ನು 12ರಿಂದ ಭಾಗಿಸಿದರೆ ಸುಮಾರು 417 ಯೂನಿಟ್. ಹಳೆಯದರ ಹೊರೆ ರಿಪೇರಿಗೆ ವರ್ಷಕ್ಕೆ 100, ಹೊಸದಕ್ಕಿಂತ ಹೆಚ್ಚಾಗಿ ಬಳಸುವ ಕರೆಂಟಿಗೆ 256, ಒಟ್ಟು 356. ರಿಪೇರಿಯೇ ಲಾಭ, ಆದರೆ ಅಂತರ ದೊಡ್ಡದಲ್ಲ. ಅದೇ, ಸೋರಿಕೆ ಬೆಸೆದು ಕಂಪ್ರೆಸರ್ ಕೂಡ ಬದಲಿಸುವ ಕೆಲಸಕ್ಕೆ 1,300 ಯೂನಿಟ್‌ನಷ್ಟು ಖರ್ಚೆಂದರೆ ವರ್ಷಕ್ಕೆ 433 ಮತ್ತು 256 ಸೇರಿ 689 ಆಗುತ್ತದೆ, ಆಗ ಹೊಸದನ್ನು ಕೊಳ್ಳುವುದೇ ವಿವೇಕ. ಈ ಅಂಕಿಗಳಲ್ಲಿ ಎರಡೂ ಸಮನಾಗುವುದು ರಿಪೇರಿಯ ಖರ್ಚು 480 ಯೂನಿಟ್ ಮುಟ್ಟಿದಾಗ, ಅಂದರೆ ಹೊಸದರ ಬೆಲೆಯ ಸುಮಾರು ಹತ್ತನೆಯ ಒಂದು ಪಾಲು. ಹೊಸದರ ಅರ್ಧ ಬೆಲೆಯವರೆಗೆ ರಿಪೇರಿ ಮಾಡಿಸಬಹುದು ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ನಾಲ್ಕೈದು ವರ್ಷದ ಫ್ರಿಜ್‌ಗೆ ಅದು ಹೊಂದೀತು, 13 ವರ್ಷದ್ದಕ್ಕೆ ಖಂಡಿತ ಹೊಂದುವುದಿಲ್ಲ. ನಿಮ್ಮ ನಿಜವಾದ ಬೆಲೆಗಳನ್ನು ಹಾಕಿ ಇದನ್ನು ಮತ್ತೊಮ್ಮೆ ಮಾಡಿನೋಡಿ. ಯೂನಿಟ್ ದರ ದುಬಾರಿಯಿದ್ದಷ್ಟೂ ತಕ್ಕಡಿ ಹೊಸದರ ಕಡೆಗೆ ವಾಲುತ್ತದೆ.

ಲೇಬಲ್‌ನ ಅಂಕಿ ಪ್ರಯೋಗಾಲಯದ ನಿಗದಿತ ಉಷ್ಣಾಂಶದಲ್ಲಿ ಅಳೆದದ್ದು, ನಿಮ್ಮ ಅಡುಗೆಮನೆ ಅದಕ್ಕಿಂತ ಬಿಸಿಯಾಗಿದ್ದರೆ ಹೊಸದೂ 0.8ಕ್ಕೆ ನಿಲ್ಲದು. ಇದನ್ನು ನೆನಪಿಟ್ಟುಕೊಂಡರೆ ರಿಪೇರಿಯ ಪಕ್ಷ ಇನ್ನಷ್ಟು ಗಟ್ಟಿಯಾಗುತ್ತದೆ.

ನನ್ನ ಸಲಹೆ ಇದು. ಮೊದಲು ಮಂಜು ಕರಗಿಸುವ ಪರೀಕ್ಷೆ ಮಾಡಿ. ಫ್ರಿಜ್ ಹಿಂದಿನ ಅಥವಾ ಕೆಳಗಿನ ಕಪ್ಪು ಕಾಯಿಲ್ ಕಾಣುವಂತಿದ್ದರೆ ಆ ಬಿಡುವಿನಲ್ಲೇ ಅದರ ಧೂಳನ್ನೂ ಬ್ರಷ್‌ನಿಂದ ತೆಗೆಯಿರಿ. ದೋಷ ಹೀಟರ್, ಥರ್ಮೋಸ್ಟಾಟ್, ಟೈಮರ್, ಫ್ಯಾನ್ ಅಥವಾ ರಬ್ಬರಿನಲ್ಲಿದ್ದರೆ ಧೈರ್ಯವಾಗಿ ರಿಪೇರಿ ಮಾಡಿಸಿ. ಗ್ಯಾಸ್ ಸೋರಿಕೆ ಅಥವಾ ಕಂಪ್ರೆಸರ್ ಎಂದು ಖಚಿತವಾದರೆ ಒಂದು ಕಾಸನ್ನೂ ಹಾಕದೆ ಹೊಸದು ಕೊಳ್ಳಿ, ಆದರೆ ಈಗಿನ ಗಾತ್ರಕ್ಕಿಂತ ದೊಡ್ಡದನ್ನಲ್ಲ. ಹಳೆಯದನ್ನು ನೀರು ತಣ್ಣಗಿಡಲೆಂದು ಮೂಲೆಯಲ್ಲಿ ಉಳಿಸಿಕೊಳ್ಳಲೂಬೇಡಿ, ಎರಡೂ ಓಡಿದರೆ ಈ ಲೆಕ್ಕದಲ್ಲಿ ಏನೂ ಉಳಿಯುವುದಿಲ್ಲ.

ರಿಪೇರಿ ಮಾಡಿಸಿದರೆ, ಮಂಜು ಕರಗಿಸುವ ಹೀಟರ್ ಪ್ರತಿದಿನವೂ ಒಂದೇ ಹೊತ್ತಿಗೆ, ಒಂದೇ ಸಲ ಉರಿಯುವುದಿಲ್ಲವಾದ್ದರಿಂದ, ಅದೇ ಮೀಟರನ್ನು ಮೂರು ದಿನ ಸತತವಾಗಿ ಹಾಕಿ ಸರಾಸರಿ ತೆಗೆಯಿರಿ. ಅದು 1.5ರ ಸುತ್ತ ಬಂದರೆ ಕೆಲಸ ಸರಿಯಾಗಿದೆ. ಮಂಜೆಲ್ಲ ಕರಗಿ, ರಬ್ಬರ್ ಬಿಗಿಯಾಗಿದ್ದು, ಕೆಳಭಾಗ 4 ಡಿಗ್ರಿಯಲ್ಲಿದ್ದೂ ಬಳಕೆ 2 ಯೂನಿಟ್ ದಾಟುತ್ತಿದ್ದರೆ ಹೊಸದರಿಂದ ಸಿಗುವ ಉಳಿತಾಯ ವರ್ಷಕ್ಕೆ 440 ಯೂನಿಟ್ ಸಮೀಪಿಸುತ್ತದೆ, ಅದೊಂದೇ ಹೊಸದರ 417ರ ಹೊರೆಯನ್ನು ಮೀರುತ್ತದೆ. ಅಂಥ ಫ್ರಿಜ್‌ಗೆ ಮುಂದಿನ ಬಾರಿ ಯಾವ ಭಾಗ ಕೆಟ್ಟರೂ ಖರ್ಚು ಮಾಡಬೇಡಿ.

– ಸಂಪಾದಕ