ಬಗ್ಗಿಸಿದ ಟ್ಯೂಬಿಗೆ ನೇರ ಟ್ಯೂಬ್ ಎಷ್ಟು ಉದ್ದ ಕತ್ತರಿಸಬೇಕು?

ಪ್ರಶ್ನೆ: 25.4 ಮಿ.ಮೀ. ಸ್ಟೀಲ್ ಟ್ಯೂಬಿನಲ್ಲಿ ಯು ಆಕಾರದ ಹಿಡಿಕೆ ಮಾಡಬೇಕು. ಹೊರ ಅಗಲ 600, ಕಾಲಿನ ಎತ್ತರ 250, ಎರಡೂ ಮೂಲೆ 90 ಡಿಗ್ರಿ, ಡೈ ಮೇಲೆ 75 ಅಂತ ಇದೆ. ಮೂರೂ ಅಳತೆ ಕೂಡಿಸಿ ಕತ್ತರಿಸಿದರೆ ಉದ್ದ ಹೆಚ್ಚಾಗುತ್ತಿದೆ. ಸರಿಯಾದ ಲೆಕ್ಕ ಹೇಗೆ?

ಉದ್ದ ಹೆಚ್ಚಾಗುವುದಕ್ಕೆ ಎರಡು ಕಾರಣ ಇವೆ. ನೀವು ಕೂಡಿಸಿದ್ದು ಟ್ಯೂಬಿನ ಹೊರಮೈ ಅಳತೆ. ಜೊತೆಗೆ ಟ್ಯೂಬ್ ಚೂಪು ಮೂಲೆಯವರೆಗೆ ಹೋಗಿ ತಿರುಗುತ್ತದೆ ಎಂದು ಲೆಕ್ಕ ಹಿಡಿದಿದ್ದೀರಿ. ನಿಜದಲ್ಲಿ ಅದು ಮೂಲೆ ತಲುಪುವ ಮೊದಲೇ ಬಳಸಿಕೊಂಡು ಹೋಗುತ್ತದೆ. ಹಾಗಾಗಿ ಲೆಕ್ಕವನ್ನೆಲ್ಲ ಟ್ಯೂಬಿನ ನಟ್ಟನಡುವೆ ಹಾದುಹೋಗುವ ಮಧ್ಯರೇಖೆಯ ಮೇಲೆ ಮಾಡಬೇಕು. ಬಗ್ಗಿಸುವಾಗ ಹೊರಗೋಡೆ ಹಿಗ್ಗುತ್ತದೆ, ಒಳಗೋಡೆ ಕುಗ್ಗುತ್ತದೆ, ನಡುವಿನ ಗೆರೆಯ ಉದ್ದ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಬೇಕಾಗುವ ಸೂತ್ರ ಎರಡೇ. R ಎಂದರೆ ಮಧ್ಯರೇಖೆಯ ತ್ರಿಜ್ಯ, θ ಎಂದರೆ ಟ್ಯೂಬ್ ನೇರದಿಂದ ಎಷ್ಟು ಡಿಗ್ರಿ ತಿರುಗಿತು ಎನ್ನುವುದು. A ಬಾಗಿದ ಭಾಗದ ಉದ್ದ. S ಎಂದರೆ ಕಾಲ್ಪನಿಕ ಚೂಪು ಮೂಲೆಯಿಂದ ಬಾಗು ಶುರುವಾಗುವ ಜಾಗಕ್ಕೆ ಇರುವ ದೂರ.

```
A = 3.1416 × R × θ / 180
S = R × tan(θ/2)
```

ಈಗ ನಿಮ್ಮ ಹಿಡಿಕೆಯನ್ನೇ ತೆಗೆದುಕೊಳ್ಳೋಣ. ಮೊದಲು ಹೊರ ಅಳತೆಗಳನ್ನು ಮಧ್ಯರೇಖೆಗೆ ತರಬೇಕು. ಅಗಲದಲ್ಲಿ ಎರಡೂ ಕಡೆ ಅರ್ಧರ್ಧ ದಪ್ಪ ಕಳೆದರೆ 600 ಹೋಗಿ 574.6 ಆಗುತ್ತದೆ. ಕಾಲಿನಲ್ಲಿ ಮೇಲ್ಗಡೆ ಮಾತ್ರ ಕಳೆಯಬೇಕು, ಏಕೆಂದರೆ ಕೆಳಗಿನ ತುದಿ ಕತ್ತರಿಸಿದ ತುದಿ. ಹಾಗಾಗಿ 250ರಲ್ಲಿ 12.7 ಹೋಗಿ 237.3 ಉಳಿಯುತ್ತದೆ. 90 ಡಿಗ್ರಿಗೆ tan 45 ಅಂದರೆ 1, ಆದ್ದರಿಂದ S ಇಲ್ಲಿ 75 ಮಿ.ಮೀ. ಕಾಲಿನ ನೇರ ಭಾಗ 237.3 − 75 = 162.3. ನಡುವಿನ ನೇರ ಭಾಗ 574.6 − 150 = 424.6. ಒಂದೊಂದು ಬಾಗಿನ ಉದ್ದ 117.8. ಎರಡು ಕಾಲು, ನಡುವಿನ ತುಂಡು, ಎರಡು ಬಾಗು ಎಲ್ಲ ಕೂಡಿಸಿದರೆ 984.8, ಅಂದರೆ 985 ಮಿ.ಮೀ. ನಿಮ್ಮ ರೀತಿಯಲ್ಲಿ ಹೊರ ಅಳತೆ ಕೂಡಿಸಿದರೆ 1100 ಬರುತ್ತದೆ. 115 ಮಿ.ಮೀ. ಹೆಚ್ಚಾಗಿದ್ದು ಹೀಗೆ.

90 ಡಿಗ್ರಿಯನ್ನೇ ಪದೇ ಪದೇ ಮಾಡುವವರಿಗೆ ಅಡ್ಡದಾರಿ ಇದೆ. ಮಧ್ಯರೇಖೆಯ ಅಳತೆಗಳನ್ನು ಮೂಲೆಯವರೆಗೂ ಕೂಡಿಸಿ, ಒಂದೊಂದು ಬಾಗಿಗೆ ತ್ರಿಜ್ಯದ 0.43ರಷ್ಟು ಕಳೆದರಾಯಿತು. 75ಕ್ಕೆ ಅದು 32.2. ಆದರೆ ಈ 0.43 ಬೇರೆ ಕೋನಕ್ಕೆ ನಡೆಯುವುದಿಲ್ಲ. ಅದೇ ಡೈನಲ್ಲಿ 35 ಡಿಗ್ರಿ ಮಾತ್ರ ಬಗ್ಗಿಸಿದರೆ ಕಳೆಯಬೇಕಾದ್ದು ಒಂದೂವರೆ ಮಿ.ಮೀ. ಅಷ್ಟೇ. ಬಾಗು ತೀವ್ರವಾದಷ್ಟೂ ಈ ಸಂಖ್ಯೆ ಬಹಳ ಬೇಗ ಬೆಳೆಯುತ್ತದೆ.

ಇಲ್ಲಿಯೇ ದೊಡ್ಡ ಎಡವಟ್ಟು ಆಗುವುದು. ನಕ್ಷೆಯಲ್ಲಿ 60 ಡಿಗ್ರಿ ಅಂತ ಬರೆದಿದ್ದರೆ ಅದು ಎರಡು ಕಾಲುಗಳ ನಡುವಿನ ಕೋನವೋ, ಟ್ಯೂಬ್ ತಿರುಗಬೇಕಾದ ಕೋನವೋ ಅಂತ ಮೊದಲು ಕೇಳಿಕೊಳ್ಳಿ. ಕಾಲುಗಳ ನಡುವೆ 60 ಇದ್ದರೆ ಟ್ಯೂಬ್ ತಿರುಗುವುದು 120. 75ರ ತ್ರಿಜ್ಯದಲ್ಲಿ 120ಕ್ಕೆ ಕಳೆಯಬೇಕಾದ್ದು ಸುಮಾರು 103 ಮಿ.ಮೀ., 60ಕ್ಕೆ ಬರೀ 8. ಒಂದೇ ಬಾಗಿನಲ್ಲಿ 95 ಮಿ.ಮೀ. ವ್ಯತ್ಯಾಸ. 90 ಡಿಗ್ರಿಯಲ್ಲಿ ಎರಡೂ ಕೋನ ಒಂದೇ ಆಗಿರುವುದರಿಂದ, ಯಾವಾಗಲೂ 90 ಮಾಡುವವರಿಗೆ ಈ ತಪ್ಪು ಕಣ್ಣಿಗೇ ಬಿದ್ದಿರುವುದಿಲ್ಲ.

ಡೈ ಮೇಲಿನ 75 ಮಧ್ಯರೇಖೆಯದ್ದೇ ಅಂತಲೂ ಖಾತ್ರಿ ಮಾಡಿಕೊಳ್ಳಿ. ಟ್ಯೂಬನ್ನು ಸುತ್ತಿ ಎಳೆಯುವ ಮಷಿನ್‌ಗಳ ಡೈನಲ್ಲಿ ಸಾಮಾನ್ಯವಾಗಿ ಮಧ್ಯರೇಖೆಯ ತ್ರಿಜ್ಯವನ್ನೇ ಕೊರೆದಿರುತ್ತಾರೆ, ಆದರೆ ಸ್ಥಳೀಯವಾಗಿ ಲೇತ್‌ನಲ್ಲಿ ಕಡೆಸಿದ ಡೈ ಆದರೆ ಒಳತ್ರಿಜ್ಯ ಬರೆದಿರಬಹುದು. ಡೈನಲ್ಲಿ ಟ್ಯೂಬ್ ಕೂರುವ ತೋಡಿನ ತಳದಲ್ಲಿ ವ್ಯಾಸ ಅಳೆದು ಅರ್ಧ ಮಾಡಿ, ಅದಕ್ಕೆ 12.7 ಸೇರಿಸಿದರೆ ಮಧ್ಯರೇಖೆ ಸಿಗುತ್ತದೆ. ಇನ್ನೊಂದು ವಿಷಯ, ನಿಮ್ಮದು ಟ್ಯೂಬ್ ಆದ್ದರಿಂದ ಒಂದು ಇಂಚು ಅಂದರೆ ಹೊರವ್ಯಾಸ 25.4. ನೀರಿನ ಜಿ.ಐ. ಪೈಪಿನಲ್ಲಿ ಒಂದು ಇಂಚು ಅಂದರೆ ಹೊರವ್ಯಾಸ ಸುಮಾರು 33.7. ಅಂಗಡಿಯವರು ಹೇಳಿದ ಇಂಚನ್ನು ನಂಬದೆ ವರ್ನಿಯರ್ ಹಿಡಿಯಿರಿ.

ಇಷ್ಟೆಲ್ಲ ಮಾಡಿದರೂ ಕಾಗದದ ಲೆಕ್ಕಕ್ಕೂ ಟ್ಯೂಬಿಗೂ ಒಂದೆರಡು ಮಿ.ಮೀ. ಅಂತರ ಇರುತ್ತದೆ. ಮಷಿನ್ ಟ್ಯೂಬನ್ನು ಎಳೆಯುವುದರಿಂದ ಮಧ್ಯರೇಖೆಯೂ ಸ್ವಲ್ಪ ಹಿಗ್ಗುತ್ತದೆ. ಡೈನಿಂದ ತೆಗೆದ ಮೇಲೆ ಟ್ಯೂಬ್ ಕೊಂಚ ಬಿಚ್ಚಿಕೊಳ್ಳುವುದರಿಂದ 90 ಬೇಕಾದರೆ 92 ಅಥವಾ 93 ಬಗ್ಗಿಸಬೇಕಾಗುತ್ತದೆ, ತ್ರಿಜ್ಯವೂ 75ಕ್ಕಿಂತ ಸ್ವಲ್ಪ ದೊಡ್ಡದಾಗುತ್ತದೆ. ಇದನ್ನು ಸೂತ್ರದಿಂದ ಹಿಡಿಯಲು ಹೋಗಬೇಡಿ, ಒಂದು ತುಂಡು ಹಾಳು ಮಾಡಿ ತಿಳಿದುಕೊಳ್ಳಿ. ಅದೇ ಟ್ಯೂಬಿನಿಂದ ಸರಿಯಾಗಿ 500 ಮಿ.ಮೀ. ತುಂಡು ಕತ್ತರಿಸಿ, ತುದಿಗಳ ಸಿಬರು ತೆಗೆದು, 90 ಡಿಗ್ರಿ ಬಗ್ಗಿಸಿ. ಎರಡೂ ಕಾಲಿನ ಹೊರ ಅಳತೆ ತೆಗೆದು, ಒಂದೊಂದರಲ್ಲೂ 12.7 ಕಳೆದು ಕೂಡಿಸಿ. ಲೆಕ್ಕದ ಪ್ರಕಾರ 532.2 ಬರಬೇಕು. 534 ಬಂತು ಅಂದುಕೊಳ್ಳಿ, ಆಗ ನಿಮ್ಮ ಮಷಿನ್‌ಗೆ ಒಂದು ಬಾಗಿಗೆ ಕಳೆಯಬೇಕಾದ್ದು 32.2 ಅಲ್ಲ, 34. ಹಿಡಿಕೆಗೆ ಎರಡು ಬಾಗು, ಹಾಗಾಗಿ 985ರ ಬದಲು 981 ಸಾಕು. ಈ 34ನ್ನು ಡೈ ಮೇಲೆಯೇ ಪೇಂಟ್ ಮಾರ್ಕರ್‌ನಲ್ಲಿ ಬರೆದಿಡಿ. ಆದರೆ ಟ್ಯೂಬಿನ ಗೋಡೆಯ ದಪ್ಪವೋ ಲೋಹವೋ ಬದಲಾದರೆ ಹೊಸದಾಗಿ ಪರೀಕ್ಷೆ ಮಾಡಲೇಬೇಕು.

ಗುರುತು ಹಾಕುವ ಕ್ರಮವೂ ಮುಖ್ಯ. ಎರಡೂ ಬಾಗುಗಳ ಗುರುತನ್ನು ನೇರ ಟ್ಯೂಬಿನ ಮೇಲೆ ಒಟ್ಟಿಗೇ ಹಾಕಿದರೆ ಮೊದಲನೆಯ ಬಾಗಿನ ಹಿಗ್ಗು ಅಗಲಕ್ಕೆ ಸೇರಿಕೊಳ್ಳುತ್ತದೆ. ತುದಿಯಿಂದ 162.3ಕ್ಕೆ ಮೊದಲ ಬಾಗು ಶುರುಮಾಡಿ. ಅದು ಮುಗಿದ ಮೇಲೆ, ಬಗ್ಗಿಸಿದ ಕಾಲಿನ ಹೊರಮೈಯಿಂದ 512.3 ಅಳೆದು ಎರಡನೆಯ ಗುರುತು ಹಾಕಿ. 600ರಿಂದ 12.7 ಮತ್ತು 75 ಕಳೆದರೆ ಬರುವ ಸಂಖ್ಯೆ ಅದು. ಹೀಗೆ ಮಾಡಿದರೆ ಅಗಲ 600ರ ಹತ್ತಿರವೇ ನಿಲ್ಲುತ್ತದೆ, ಮಿಕ್ಕ ಹಿಗ್ಗೆಲ್ಲ ಕೊನೆಯ ಕಾಲಿಗೆ ಹೋಗುತ್ತದೆ. ಒಂದು ಕಾಲು ಉದ್ದ ಬಂದರೆ ಗ್ರೈಂಡರ್‌ನಲ್ಲಿ ಕತ್ತರಿಸಬಹುದು, ಅಗಲ ಹೆಚ್ಚಾದರೆ ಏನೂ ಮಾಡಲಾಗದು.

ಒಂದೇ ಹಿಡಿಕೆ ಮಾಡುವುದಾದರೆ ಪರೀಕ್ಷೆಯ ತುಂಡೂ ಬೇಡ, 985ಕ್ಕೆ 10 ಸೇರಿಸಿ ಕತ್ತರಿಸಿ, ಆ 10ನ್ನು ಕೊನೆಯ ಕಾಲಿನ ಕಡೆಗೆ ಬಿಟ್ಟು ಆಮೇಲೆ ಸಮ ಮಾಡಿ. ಇಪ್ಪತ್ತು ಮೂವತ್ತು ಮಾಡಬೇಕಿದ್ದರೆ ಪರೀಕ್ಷೆ ಮಾಡದೆ ಗರಗಸ ಮುಟ್ಟಬೇಡಿ. 6 ಮೀಟರ್ ಟ್ಯೂಬಿನಲ್ಲಿ 985ರ ಆರು ತುಂಡು ಕೂಡಿಸಿದರೆ 5910, ಜೊತೆಗೆ ಗರಗಸ ತಿನ್ನುವ ದಪ್ಪ. 995ರಂತೆ ಕತ್ತರಿಸಿದರೆ 5970, ಗರಗಸದ ಪಾಲೂ ಸೇರಿ ಆರನೆಯ ತುಂಡು ಅಂಚಿಗೆ ಬಂದು ನಿಲ್ಲುತ್ತದೆ, ಟ್ಯೂಬಿನ ತುದಿ ಸೊಟ್ಟಗಿದ್ದರೆ ಅದೂ ಕೈತಪ್ಪುತ್ತದೆ.