ಹೊಸ ಮೆಂಬ್ರೇನ್ ಹಾಕಿದರೂ ನೀರು ನಿಧಾನವೇ? ಮೊದಲು ಎರಡು ಪೈಪ್ ಅಳೆಯಿರಿ

"ಮದ್ದೂರು ಹತ್ರ ಮನೆಯಿಂದಲೇ ಫ್ಯಾನು, ಫಿಲ್ಟರ್ ರಿಪೇರಿ ಶುರು ಮಾಡಿದೀನಿ. ಐಟಿಐ ಎಲೆಕ್ಟ್ರಿಷಿಯನ್ ಆಗಿದೆ. ಎರಡು ಮನೇಲಿ ಆರ್‌ಓಗೆ ಹೊಸ ಮೆಂಬ್ರೇನ್ ಹಾಕಿದ್ರೂ ನೀರು ನಿಧಾನ. ಗಿರಾಕಿಗಳು ಬೈತಾ ಇದಾರೆ. ಏನ್ ಮಾಡ್ಲಿ ಅಣ್ಣ?"

ತಮ್ಮಾ, ಮುಂದಿನ ಸಲ ಹೋದಾಗ ಸ್ಪ್ಯಾನರ್ ಹಿಡಿಯೋ ಮೊದಲು ಒಂದು ಅಳತೆ ಲೋಟ ಹಿಡಿ. ಟ್ಯಾಂಕಿಗೆ ಹೋಗೋ ಶುದ್ಧ ನೀರಿನ ಪೈಪ್ ಬಿಚ್ಚಿ ಲೋಟಕ್ಕೆ ಬಿಡು, ವೇಸ್ಟ್ ಪೈಪನ್ನ ಒಂದು ಜಗ್‌ಗೆ ಬಿಡು. ಟ್ಯಾಂಕ್ ತುಂಬಿದ್ದರೆ ಮಿಷನ್ ಓಡಲ್ಲ, ಫ್ಲೋಟ್ ಕೆಳಗೆ ಇಳಿಸ್ಕೋ. ಐದು ನಿಮಿಷ ಓಡಿಸಿ, ಆಮೇಲೆ ಮೊಬೈಲಲ್ಲಿ ಸರಿಯಾಗಿ ಒಂದು ನಿಮಿಷ ಹಿಡಿದು ಎರಡನ್ನೂ ಅಳೆ.

ಹೋದ ತಿಂಗಳು ಮಂಡ್ಯ ಕಲ್ಲಹಳ್ಳಿಯ ಒಂದು ಮನೆಗೆ ಹೋಗಿದ್ದೆ. ಬೋರ್ ನೀರು, ಒಳಗೆ ಹೋಗೋದರ ಟಿಡಿಎಸ್, ಅಂದರೆ ನೀರಲ್ಲಿ ಕರಗಿರೋ ಉಪ್ಪಿನ ಅಂಶ, 840. ಅಲ್ಲೂ ನಿನ್ನಂಗೇ ಯಾರೋ 80 ಜಿಪಿಡಿ, ಅಂದರೆ ದಿನಕ್ಕೆ 80 ಗ್ಯಾಲನ್ ಕೊಡೋ, ಹೊಸ ಮೆಂಬ್ರೇನ್ ಹಾಕಿ ಹೋಗಿದ್ದರು. ಅಳೆದರೆ ಶುದ್ಧ ನೀರು 80 ಎಂಎಲ್, ವೇಸ್ಟ್ 750. ಶುದ್ಧ ನೀರಿನ ಟಿಡಿಎಸ್ 150. ವೇಸ್ಟ್ ಜೋರಾಗಿ ಹೋಗ್ತಿದೆ, ಒಳಗೆ ನೀರು ಬರ್ತಿದೆ, ಆದರೆ ಮೆಂಬ್ರೇನಿಗೆ ಬೇಕಾದ ಒತ್ತಡವೇ ನಿಲ್ತಿಲ್ಲ. ವೇಸ್ಟ್ ಲೈನಲ್ಲಿ ನೀರು ತಡೆದು ಒತ್ತಡ ನಿಲ್ಲಿಸೋ ಬೆರಳುದ್ದದ ಎಫ್‌ಆರ್, ಅಂದರೆ ಫ್ಲೋ ರಿಸ್ಟ್ರಿಕ್ಟರ್, ಇರುತ್ತಲ್ಲ, ಅದನ್ನ ತಿರುಗಿಸಿ ನೋಡಿದೆ. ಮೇಲೆ 800 ಅಂತ ಬರೆದಿತ್ತು, ಅಂದರೆ ನಿಮಿಷಕ್ಕೆ ಅಷ್ಟು ಎಂಎಲ್ ಬಿಡೋದು. ಆ ಪಂಪು, ಆ ಮೆಂಬ್ರೇನಿಗೆ 450 ಸಾಕು. ಬದಲಾಯಿಸಿ ಮತ್ತೆ ಅಳೆದರೆ ಶುದ್ಧ 165, ವೇಸ್ಟ್ 440, ಟಿಡಿಎಸ್ 65. ನೂರು ರೂಪಾಯಿ ಒಳಗಿನ ಸಾಮಾನು ಅದು. ಮೆಂಬ್ರೇನಿಗೆ ಸಾವಿರಕ್ಕೂ ಮೇಲೆ ಕೊಟ್ಟಿದ್ದ ಅಮ್ಮ ನನ್ನ ಮುಖ ಹೆಂಗೆ ನೋಡಿದರು ಅಂತ ಕೇಳಬೇಡ.

ಇದರ ಉಲ್ಟಾ ಇನ್ನೂ ಕೆಟ್ಟದು. ವೇಸ್ಟ್ ತೊಟ್ಟಿಕ್ಕುತ್ತಿದ್ದರೆ ಎಫ್‌ಆರ್ ಕಟ್ಟಿಕೊಂಡಿದೆ. ಮೊದಮೊದಲು ಶುದ್ಧ ನೀರು ಚೆನ್ನಾಗೇ ಬರುತ್ತೆ, ಗಿರಾಕಿ ಖುಷಿ. ಉಪ್ಪು ಹೊರಗೆ ಹೋಗದೆ ಮೆಂಬ್ರೇನ್ ಮೇಲೆ ಬಿಳಿ ಪದರ ಕೂರುತ್ತೆ, ನಮ್ಮ ಬೋರ್ ನೀರಲ್ಲಂತೂ ಬೇಗ. ಹಂಗಾಗಿ ಮೆಂಬ್ರೇನ್ ಬದಲಾಯಿಸುವಾಗ ಹಳೇ ಎಫ್‌ಆರ್ ಉಳಿಸಬೇಡ. ನಿನ್ನ ಎರಡು ಮನೇಲೂ ಮೊದಲು ಅದನ್ನೇ ನೋಡು.

ಎರಡೂ ಪೈಪಲ್ಲಿ ನೀರು ಕಮ್ಮಿ ಇದ್ದರೆ ತಡೆ ಮೆಂಬ್ರೇನಿಗಿಂತ ಮುಂಚೆ ಎಲ್ಲೋ ಇದೆ. ಮೆಂಬ್ರೇನಿಗೆ ಹೋಗೋ ಪೈಪ್ ಕಳಚಿ ಹರಿವು ನೋಡು, ಅಲ್ಲಿಂದ ಒಂದೊಂದೇ ಹಿಂದಕ್ಕೆ ಹೋಗು: ಕಾರ್ಬನ್, ಸೆಡಿಮೆಂಟ್, ಪಂಪು, ನೀರು ಬಿಡೋ ನಿಲ್ಲಿಸೋ ಕರೆಂಟ್ ವಾಲ್ವ್ ಎಸ್‌ವಿ, ಕಡೆಗೆ ನಲ್ಲಿ. ಇದೇ ಪ್ರಶ್ನೆಗೆ ಇನ್ನೊಬ್ಬರು "ಪಂಪೇ ವೀಕು, ಬದಲಾಯಿಸಿಬಿಡಿ" ಅಂದಿದ್ದಾರೆ. ಅರ್ಧ ಸರಿ. ಪಂಪು ವೀಕಾಗಿದ್ದರೂ ಇದೇ ಲಕ್ಷಣ, ಆದರೆ ಪಂಪು ಬಿಸಾಡೋ ಮೊದಲು ಅದು ಓಡ್ತಿರುವಾಗಲೇ ಅದರ ವೈರಲ್ಲಿ ಮಲ್ಟಿಮೀಟರ್ ಇಡು. 24 ವೋಲ್ಟ್ ಇರಬೇಕಾದ ಕಡೆ 18 ತೋರಿಸಿದರೆ ಹೆಚ್ಚಾಗಿ ತಪ್ಪು ಪಂಪಿನದಲ್ಲ, ಅಡಾಪ್ಟರ್‌ದು. ಓಡದೆ ಇದ್ದಾಗ ಅಳೆದರೆ ಅದೇ ಅಡಾಪ್ಟರ್ ಸಾಚಾ ಥರ 24 ತೋರಿಸುತ್ತೆ, ಮೋಸ ಹೋಗ್ತೀಯ.

ವೇಸ್ಟ್ ಸರಿ, ಒಳಗೆ ನೀರು ಸರಿ, ಶುದ್ಧ ಮಾತ್ರ ಕಮ್ಮಿ ಅಂದಾಗ ಮಾತ್ರ ಮೆಂಬ್ರೇನ್ ಮೇಲೆ ಅನುಮಾನ ಪಡು. ಈ ಅಂಕಿಗಳನ್ನೆಲ್ಲ ಬಿಲ್ ಹಿಂದೆ ಬರೆದುಕೊಡು, ಮೊದಲು ಇಷ್ಟಿತ್ತು, ಈಗ ಇಷ್ಟು ಅಂತ. ಗಿರಾಕಿ ಬೈಯೋದು ಹೆಚ್ಚಾಗಿ ಕಣ್ಣಿಗೆ ಏನೂ ಕಾಣದೆ ದುಡ್ಡು ಹೋದಾಗ. ನಾನು ವಿಸಿಟ್‌ಗೆ 200 ತಗೊಳ್ತೀನಿ, ಸಾಮಾನಿನ ದುಡ್ಡು ಬೇರೆ. ಹಳೇ ಪಾರ್ಟ್ ಅವರ ಕೈಗೇ ಕೊಟ್ಟು ಬರ್ತೀನಿ.

ಇನ್ನೊಂದು. ಮೈಸೂರಲ್ಲಿ ಕಾವೇರಿ, ಕಬಿನಿ ನೀರು ಬರೋ ಮನೆಯವರೂ ಆರ್‌ಓ ಕೇಳ್ತಾರೆ. ಟಿಡಿಎಸ್ ಮೀಟರ್ ಹಾಕಿ ತೋರಿಸು. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಟಿಡಿಎಸ್ 500ರ ತನಕ ಕುಡಿಯಲು ಒಪ್ಪುವಂಥದ್ದು. ಅದಕ್ಕಿಂತ ಕಮ್ಮಿ ಇದ್ದು ಬೇರೆ ತೊಂದರೆ ಇಲ್ಲ ಅಂದರೆ ಯುವಿ, ಯುಎಫ್ ಸಾಕು ಅಂತ ಹೇಳಿಬಿಡು, ಅರ್ಧಕ್ಕಿಂತ ಜಾಸ್ತಿ ನೀರು ಚರಂಡಿಗೆ ಹೋಗೋದಾದರೂ ತಪ್ಪುತ್ತೆ.

ನಡುವೆ ಫ್ಯಾನ್ ನಿಧಾನ ತಿರುಗುತ್ತೆ ಅಂದ ಅಕ್ಕನಿಗೆ: ಈ ಪ್ರಶ್ನೆ ಫಿಲ್ಟರ್‌ದು, ಆದರೂ ಕೇಳಿದ್ದೀರಿ, ಹೇಳ್ತೀನಿ. ಎಂಸಿಬಿ ಇಳಿಸಿ ಕೆಪಾಸಿಟರ್ ಬಿಚ್ಚಿಸಿ ಅಳೆಸಿ. 2.5 ಅಂತ ಬರೆದಿರೋದು 1.7ಕ್ಕೆ ಇಳಿದಿದ್ದರೆ ಅದೇ ಕಾರಣ. ಕೈಯಲ್ಲಿ ತಿರುಗಿಸಿದಾಗ ಗರಗರ ಸದ್ದು ಬಂದು ಬೇಗ ನಿಂತರೆ ಬೇರಿಂಗ್. ರಿಮೋಟ್ ಇರೋ ಬಿಎಲ್‌ಡಿಸಿ ಫ್ಯಾನ್ ಆದರೆ ಈ ಲೆಕ್ಕ ನಡೆಯಲ್ಲ, ಅದರಲ್ಲಿ ಬೋರ್ಡ್ ಇರುತ್ತೆ.

ವರ್ಷದ ಕರಾರು ಮಾಡ್ಕೋಬೇಕಾ ಅಂತ ಇನ್ನೊಬ್ಬರು ಕೇಳಿದ್ದರು. ನದಿ ನೀರಿನ ಮನೆಗಳಿಗೆ ಮಾಡ್ತೀನಿ. ಟಿಡಿಎಸ್ 800 ದಾಟಿದ ಬೋರ್ ನೀರಿಗೆ ಮೆಂಬ್ರೇನ್ ಸೇರಿಸಿ ಕರಾರು ಮಾಡೋಕೆ ನನಗಿನ್ನೂ ಧೈರ್ಯ ಬಂದಿಲ್ಲ. ಮಳವಳ್ಳಿ, ನಾಗಮಂಗಲ ಕಡೆ ಯಾರಾದರೂ ಮಾಡ್ತಿದ್ದರೆ ಎಷ್ಟಕ್ಕೆ, ಬಿಳಿ ಪದರ ಕೂರದಂಗೆ ಆ್ಯಂಟಿಸ್ಕೇಲಂಟ್ ಬಾಲ್ ಹಾಕಿದ್ದು ನಿಜಕ್ಕೂ ಉಪಯೋಗ ಆಯ್ತಾ, ಬರೀರಿ.