ಹೆಸರು ಅಳಿಸಿದರೂ ಗುರುತು ಉಳಿದರೆ

"ಜಯನಗರದಲ್ಲಿ ನಮ್ಮದು ಮನೆಗೇ ಹೋಗಿ ರಕ್ತದ ಮಾದರಿ ತೆಗೆಯುವ ಲ್ಯಾಬ್. ಗ್ರಾಹಕರು ದೂರು ಹೇಳಿಕೊಂಡ ಚಾಟ್‌ಗಳಿಂದ ಹೆಸರು, ಮೊಬೈಲ್ ಸಂಖ್ಯೆ ಅಳಿಸಿ ವಿಶ್ಲೇಷಣೆಗೆ ಕೊಟ್ಟೆವು. ಆದರೂ ಒಬ್ಬರು ಯಾರೆಂದು ಓದಿದವರಿಗೆ ತಿಳಿದುಹೋಯಿತು. ಏನು ಮಾಡಬೇಕು? ಎಷ್ಟು ದಿನ ಇಡಬಹುದು, ಯಾರು ಓದಬಹುದು?"

ಗುರುತು ಸೋರಿರುವುದು ಬಹುಶಃ ವಿಳಾಸ ಹೇಳುವ ಸಾಲುಗಳಿಂದ. ನಮ್ಮಲ್ಲೂ ಹೀಗೆಯೇ ಆಗಿತ್ತು: "ಗಣೇಶನ ಗುಡಿ ಎದುರು, ಹಸಿರು ಗೇಟು, ಅಮ್ಮನಿಗೆ ಡಯಾಲಿಸಿಸ್." ಇಷ್ಟಿದ್ದರೆ ಆ ಬೀದಿಯವರಿಗೆ ಹೆಸರೇ ಬೇಕಿಲ್ಲ.

ಮೊದಲು, ಹಂಚಿದ ಪ್ರತಿಯನ್ನು ಇಂದೇ ಹಿಂಪಡೆದು ಅಳಿಸಿಸಿ. ಬಳಿಕ ಕನ್ನಡ ಅಂಕಿಗಳನ್ನು 0–9ಕ್ಕೆ ಬದಲಿಸಿ, ಅಂಕಿಗಳ ನಡುವಿನ ಖಾಲಿ ಜಾಗ ತೆಗೆದು, ಆಮೇಲೆ ಮೊಬೈಲ್ ಸಂಖ್ಯೆ ಹುಡುಕಿ. ಇಲ್ಲವಾದರೆ "೯೮…" ಎಂದು ಬರೆದದ್ದು ತಪ್ಪಿಸಿಕೊಳ್ಳುತ್ತದೆ. ವಿಳಾಸ ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಪೂರ್ತಿ ತೆಗೆದು "ಜಯನಗರ" ಎಂದಷ್ಟೇ ಉಳಿಸಿ. ಗ್ರಾಹಕ ಸಂಖ್ಯೆಯ ಬದಲು ಯಾದೃಚ್ಛಿಕ ಸಂಕೇತ ಕೊಡಿ, ಯಾವ ಸಂಕೇತ ಯಾರದ್ದೆಂಬ ಪಟ್ಟಿಯನ್ನು ವಿಶ್ಲೇಷಕರಿಗೆ ಕೊಡಬೇಡಿ. ಕೊನೆಗೆ ಇನ್ನೂರು ಚಾಟ್‌ಗಳನ್ನು ಕಣ್ಣಾರೆ ಓದಿ. ಒಂದರಲ್ಲಾದರೂ ಯಾರೆಂದು ಊಹಿಸಲಾದರೆ ಹಂಚಬೇಡಿ. ಅಪರೂಪದ ಕಾಯಿಲೆಯ ಚಾಟ್ ಎಷ್ಟು ತಿದ್ದಿದರೂ ಗುರುತು ಕೊಡಬಹುದು, ಅದನ್ನು ಹೊರಗಿಡುವುದೇ ಸರಿ.

ಮೂಲ ಚಾಟ್ ಓದುವ ಹಕ್ಕು ಆ ದೂರನ್ನು ನೋಡುತ್ತಿರುವವರಿಗೆ ಮತ್ತು ಅವರ ಮೇಲ್ವಿಚಾರಕರಿಗೆ ಮಾತ್ರ ಇರಲಿ; ಯಾರು, ಯಾವಾಗ ತೆರೆದರೆಂಬುದು ದಾಖಲಾಗಲಿ. ದೂರು ಮುಗಿದು ತೊಂಬತ್ತು ದಿನಗಳಾದ ಮೇಲೆ ಆ ಹಕ್ಕನ್ನೂ ಮುಚ್ಚಿ. ಈ ಅವಧಿ ನನ್ನ ಅಂದಾಜು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ದೇಶ ಮುಗಿದಾಗ ಅಳಿಸಲು ಹೇಳುತ್ತದೆ. ಆದರೆ ಅದರ 2025ರ ನಿಯಮಗಳಲ್ಲಿ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆಂಬ ಮಾತೂ ಇದೆ. ಪೂರ್ತಿ ಅಳಿಸುವ ದಿನವನ್ನು ವಕೀಲರಲ್ಲಿ ಕೇಳಿಯೇ ಗೊತ್ತುಮಾಡಿ, ಬ್ಯಾಕಪ್‌ಗೂ ಅದೇ ದಿನ ಅನ್ವಯಿಸಲಿ.